ಪಲವೋ ಫಲವೋ?
ಬಾಗಿದ ಪುಟದ ಛಾಯಾಚಿತ್ರವನ್ನು ತಿದ್ದುವ ಬಗೆ

ಹಳೆಯ ವೈದ್ಯಗ್ರಂಥವೊಂದರ ಪುಟವನ್ನು ಯಾರೋ ಮೊಬೈಲು ಫೋನಿನಿಂದ ಚಿತ್ರ ತೆಗೆದಿದ್ದಾರೆಂದು ಭಾವಿಸೋಣ. ದಪ್ಪನಾದ ಪುಸ್ತಕ, ಹೊಲಿಗೆ ಬಿಗಿಯಾಗಿದೆ, ಅಗಲವಾಗಿ ತೆರೆದರೆ ಬೆನ್ನು ಮುರಿದೀತೆಂಬ ಭಯ. ಎಡಪುಟದ ಒಂದು ಸಾಲು ನಡುವಿನ ಮಡಿಕೆಯೊಳಕ್ಕೆ ಇಳಿಯುವ ಕಡೆ ಕಷಾಯಕ್ಕೆ ಬೇಕಾದ ಒಂದು ದ್ರವ್ಯದ ಪ್ರಮಾಣವನ್ನು ಹೇಳಿದೆ. ಅದು ‘ಎರಡು ಪಲ’ವೋ, ‘ಎರಡು ಫಲ’ವೋ? ಪಲವೆಂಬುದು ಹಿಂದಿನ ವೈದ್ಯರು ಬಳಸುತ್ತಿದ್ದ ಒಂದು ತೂಕ. ಫಲವೆಂದರೆ ಕಾಯಿ ಅಥವಾ ಹಣ್ಣು. ಅಚ್ಚಿನಲ್ಲಿ ಈ ಎರಡಕ್ಕೂ ಇರುವ ಅಂತರ ಅಕ್ಷರದ ಕೆಳಗಿನ ಒಂದು ಚಿಕ್ಕ ಗೀಟು ಮಾತ್ರ. ಅದರ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆಯಿರಬಹುದು. ದ-ಧ, ಡ-ಢ, ಬ-ಭ ಇವುಗಳ ಸ್ಥಿತಿಯೂ ಇದೇ. ಚಿತ್ರವನ್ನು ‘ಶುಚಿ’ ಮಾಡುವ ಭರದಲ್ಲಿ ಈ ಗೀಟು ಅಳಿಸಿಹೋದರೆ, ಅಥವಾ ನೆರಳಿನ ಚುಕ್ಕೆಯೊಂದು ಗೀಟಾಗಿ ನಿಂತರೆ, ಪಿಡಿಎಫ್ ಪುಸ್ತಕ ನೋಡಲು ಎಷ್ಟೇ ಅಂದವಾಗಿದ್ದರೂ ಓದುಗನಿಗೆ ಸುಳ್ಳನ್ನೇ ಹೇಳುವುದು.

ಇಂಥ ಚಿತ್ರದಲ್ಲಿ ಮೂರು ದೋಷಗಳು ಕಾಣುತ್ತವೆ. ಮಡಿಕೆಯ ಬಳಿ ನೆರಳು ಕವಿದಿರುತ್ತದೆ. ಸಾಲುಗಳು ಬಿಲ್ಲಿನಂತೆ ಬಾಗಿರುತ್ತವೆ. ಪುಟ ಒಟ್ಟಿನಲ್ಲಿ ಓರೆಯಾಗಿ ನಿಂತಿರುತ್ತದೆ. ಮೊದಲಿನ ಎರಡು ದೋಷಗಳೂ ಕಾಗದದ ಒಂದೇ ಬಾಗಿನಿಂದ ಹುಟ್ಟಿದ ಅವಳಿಮಕ್ಕಳು. ಮೂರನೆಯದು ಕೈ ಓರೆಯಾಗಿ ಹಿಡಿದುದರ ಫಲ. ಕಾರಣಗಳು ಬೇರೆಬೇರೆಯಾದುದರಿಂದ ಚಿಕಿತ್ಸೆಯೂ ಬೇರೆಬೇರೆ. ಒಂದೊಂದನ್ನೇ ತೆಗೆದುಕೊಂಡು ನೋಡೋಣ.

ನಾವು ಪರೀಕ್ಷಿಸುವ ಪುಟ

ಲೆಕ್ಕಕ್ಕೆ ಒಂದು ನಿರ್ದಿಷ್ಟ ಪುಟವಿರಲಿ. ಪುಟದ ಅಳತೆ 140 ಮಿಲಿಮೀಟರು ಅಗಲ, 215 ಮಿಲಿಮೀಟರು ಎತ್ತರ. ನಮ್ಮಲ್ಲಿ ಡೆಮಿ 1/8 ಎಂದು ಕರೆಯುವ ಆಕಾರ ಸುಮಾರಾಗಿ ಇದೇ. ಕ್ಯಾಮರಾ ಪುಟದ ನಡುವಿಗೆ ನೇರವಾಗಿ 400 ಮಿಲಿಮೀಟರು ಮೇಲಿದೆ. ಪುಟದ ಎತ್ತರವು ಚಿತ್ರದಲ್ಲಿ 3600 ಚಿತ್ರಬಿಂದುಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಆಕ್ರಮಿಸಿದೆ. ಮಿಲಿಮೀಟರಿಗೆ ಸುಮಾರು 17 ಬಿಂದುಗಳಾದುವು. ಅಂಗುಲಕ್ಕೆ ಹೇಳುವುದಾದರೆ ಸುಮಾರು 425. ನಮ್ಮ ಫಕಾರದ ಗೀಟು 0.4 ಮಿಲಿಮೀಟರು ಇದೆಯೆಂದರೆ ಅದರ ಪಾಲಿಗೆ ಏಳು ಬಿಂದುಗಳು ದೊರೆತುವು. ಈ ಏಳು ಬಿಂದುಗಳನ್ನು ಕಾಪಾಡುವುದೇ ನಮ್ಮ ಕೆಲಸ.

ಬೆಳಕು ಎಡಗಡೆಯ ಕಿಟಕಿಯಿಂದ 45 ಡಿಗ್ರಿ ಓರೆಯಾಗಿ ಬರುತ್ತಿದೆ. ಎಡಪುಟವು ಮಡಿಕೆಯ ಬಳಿ ಮೊದಲು ಸ್ವಲ್ಪ ಉಬ್ಬಿ, ಅನಂತರ ಬಲಕ್ಕೆ ಇಳಿಯುತ್ತದೆ. ಈ ಇಳಿಜಾರು ಕಿಟಕಿಗೆ ಬೆನ್ನು ತಿರುಗಿಸಿ ನಿಂತಿದೆ ಎಂಬುದನ್ನು ಗಮನಿಸಬೇಕು.

ನೆರಳನ್ನು ಕಳೆಯಬಾರದು, ಭಾಗಿಸಬೇಕು

ಸಮತಲವೊಂದರ ಮೇಲೆ ಬೀಳುವ ಬೆಳಕು, ಕಿರಣಕ್ಕೂ ಆ ತಲದ ಲಂಬಕ್ಕೂ ನಡುವಣ ಕೋನದ ಕೊಸೈನಿಗೆ ಅನುಪಾತವಾಗಿರುತ್ತದೆ. ಇದು ಲ್ಯಾಂಬರ್ಟನ ನಿಯಮ. ಪುಟದ ಸಮವಾದ ಭಾಗದಲ್ಲಿ ಕೋನ 45 ಡಿಗ್ರಿ, ಕೊಸೈನು 0.71. ಮಡಿಕೆಯ ಬಳಿ ಪುಟವು 38 ಡಿಗ್ರಿ ಇಳಿಜಾರಾಗಿದ್ದರೆ ಕೋನ 83 ಡಿಗ್ರಿಯಾಗುತ್ತದೆ, ಕೊಸೈನು 0.12ಕ್ಕೆ ಇಳಿಯುತ್ತದೆ. ಎಂದರೆ ಅಲ್ಲಿ ಬೀಳುವ ಬೆಳಕು ಅಂಚಿನ ಬೆಳಕಿನ ಆರನೆಯ ಒಂದು ಪಾಲಿಗೆ ಹತ್ತಿರ. ಯಾವ ವಸ್ತುವೂ ಅಡ್ಡ ಬರದೆ, ಕಾಗದ ತಾನಾಗಿ ಓರೆಯಾದ ಮಾತ್ರಕ್ಕೇ ಈ ಕತ್ತಲು ಉಂಟಾಯಿತು.

ಕ್ಯಾಮರಾ ಪ್ರತಿಯೊಂದು ಬಿಂದುವಿನ ಹೊಳಪನ್ನೂ 0ಯಿಂದ 255ರ ವರೆಗಿನ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. 0 ಎಂದರೆ ಕಪ್ಪು, 255 ಎಂದರೆ ಬಿಳುಪು. ನಮ್ಮ ಪುಟದ ಅಂಚಿನಲ್ಲಿ ಕಾಗದ 220, ಮಾಸಿದ ಮಸಿ 110 ಎಂದು ದಾಖಲಾಗಿದೆ. ಮಡಿಕೆಯ ಬಳಿ ಕಾಗದ 100, ಮಸಿ 50. ಈಗ ‘ಇಷ್ಟಕ್ಕಿಂತ ಹೆಚ್ಚಿನದೆಲ್ಲ ಬಿಳುಪು, ಕಡಿಮೆಯದೆಲ್ಲ ಕಪ್ಪು’ ಎಂದು ಪುಟಕ್ಕೆಲ್ಲ ಒಂದೇ ಎಲ್ಲೆಯನ್ನು ಗೊತ್ತುಮಾಡಲು ಯತ್ನಿಸಿರಿ. ಅಂಚಿನ ಮಸಿ ಕಪ್ಪಾಗಿ ಉಳಿಯಬೇಕಾದರೆ ಎಲ್ಲೆ 110ಕ್ಕಿಂತ ಹೆಚ್ಚಾಗಿರಬೇಕು. ಮಡಿಕೆಯ ಕಾಗದ ಬಿಳುಪಾಗಬೇಕಾದರೆ ಅದು 100ಕ್ಕಿಂತ ಕಡಿಮೆಯಿರಬೇಕು. ಎರಡನ್ನೂ ಸಲ್ಲಿಸುವ ಸಂಖ್ಯೆಯೇ ಇಲ್ಲ! ಫೋನಿನಲ್ಲಿ ‘ಕಪ್ಪು ಬಿಳುಪು’ ಗುಂಡಿಯನ್ನು ಒತ್ತಿದಾಗ ಮಡಿಕೆಯ ಪಕ್ಕದಲ್ಲಿ ಮಸಿಯ ಪಟ್ಟಿ ಮೂಡುವುದು ಅನೇಕ ವೇಳೆ ಈ ಕಾರಣದಿಂದಲೇ.

ಕೆಲವರು ನೆರಳಿನ ಪ್ರಮಾಣವನ್ನು ಅಳೆದು, ಅಷ್ಟು ಸಂಖ್ಯೆಯನ್ನು ಕೂಡಿಸಿಬಿಡುತ್ತಾರೆ. ಮಡಿಕೆಯ ಬಳಿ 120 ಕೂಡಿಸಿದರೆ ಕಾಗದ 220 ಆಯಿತು, ಸರಿ. ಆದರೆ ಮಸಿ 170 ಆಗಿ ಕುಳಿತಿತು. ಅಂಚಿನಲ್ಲಿ 110 ಇದ್ದ ಮಸಿ ಇಲ್ಲಿ ಬೂದುಬಣ್ಣವಾಯಿತು. ಬೆಳಕು ಕಾಗದದ ಮೇಲೆ ಕೂಡಿಕೊಳ್ಳುವ ವಸ್ತುವಲ್ಲ. ಬಿದ್ದ ಬೆಳಕಿನಲ್ಲಿ ಇಂತಿಷ್ಟು ಪಾಲನ್ನು ಕಾಗದ ಹಿಂದಿರುಗಿಸುತ್ತದೆ, ಇಂತಿಷ್ಟನ್ನು ಮಸಿ ಹಿಂದಿರುಗಿಸುತ್ತದೆ. ಇದು ಗುಣಾಕಾರದ ಸಂಬಂಧ. ಗುಣಿಸಿದುದನ್ನು ಬಿಡಿಸಲು ಭಾಗಾಕಾರವೇ ಬೇಕು. 110ನ್ನು 220ರಿಂದ ಭಾಗಿಸಿದರೆ 0.5, 50ನ್ನು 100ರಿಂದ ಭಾಗಿಸಿದರೂ 0.5. ಎರಡು ಕಡೆಯ ಮಸಿಯೂ ಒಂದೇ ಆಯಿತು.

ಇಲ್ಲಿ ಒಂದು ಸಂದೇಹ ಬರಬಹುದು. ಕ್ಯಾಮರಾ ಬರೆಯುವ ಸಂಖ್ಯೆ ಬೆಳಕಿಗೆ ನೇರ ಅನುಪಾತವಾಗಿಲ್ಲ; ಸುಮಾರಾಗಿ ಬೆಳಕಿನ 1/2.2 ಘಾತಕ್ಕೆ ಅನುಪಾತವಾಗಿದೆ. ಬೆಳಕು ಆರನೆಯ ಒಂದಕ್ಕೆ ಇಳಿದರೂ ಸಂಖ್ಯೆ 220ರಿಂದ 100ಕ್ಕೆ ಮಾತ್ರ ಇಳಿದುದು ಇದರಿಂದಲೇ. ಆದರೂ ಭಾಗಾಕಾರ ಕೆಡುವುದಿಲ್ಲ. ಎರಡು ರಾಶಿಗಳ ಗುಣಲಬ್ಧವನ್ನು ಯಾವ ಘಾತಕ್ಕೆ ಏರಿಸಿದರೂ ಅದು ಆ ಎರಡರ ಘಾತಗಳ ಗುಣಲಬ್ಧವಾಗಿಯೇ ಉಳಿಯುತ್ತದೆಯಲ್ಲವೆ?

ಹಾಗಾದರೆ ಅಕ್ಷರವಿರುವ ಕಡೆ ಅದರ ಅಡಿಯ ಬರಿಯ ಕಾಗದದ ಹೊಳಪನ್ನು ತಿಳಿಯುವುದು ಹೇಗೆ? ಅಕ್ಷರದ ಗೆರೆ ತೆಳುವಾದುದು. ನೆರಳು ಅಗಲವಾಗಿ, ನಿಧಾನವಾಗಿ ಹರಡಿದುದು. ಆದುದರಿಂದ ಗೆರೆಗಿಂತ ಅಗಲವಾದ ಒಂದು ಬಿಲ್ಲೆಯನ್ನು ಚಿತ್ರದ ಮೇಲೆಲ್ಲ ಜಾರಿಸುತ್ತ, ಆ ಬಿಲ್ಲೆ ಹಿಡಿಸದಷ್ಟು ಕಿರಿದಾದ ಕಪ್ಪನ್ನೆಲ್ಲ ಸುತ್ತಣ ಬಿಳುಪಿನಿಂದ ಮುಚ್ಚಿಬಿಡಬೇಕು. ಉಳಿಯುವುದು ಅಕ್ಷರಗಳಿಲ್ಲದ, ನೆರಳು ಮಾತ್ರವಿರುವ ಕಾಗದ. ಮೂಲಚಿತ್ರವನ್ನು ಇದರಿಂದ ಭಾಗಿಸಬೇಕು. ಪೈಥಾನ್ ಭಾಷೆಯಲ್ಲಿ, ಓಪನ್‌ಸಿವಿ ಎಂಬ ಉಚಿತ ಸಂಗ್ರಹದ ನೆರವಿನಿಂದ, ಇಷ್ಟು ಸಾಲುಗಳು ಸಾಕು:

```python
import cv2
g = cv2.imread("puta.jpg", 0)
k = cv2.getStructuringElement(cv2.MORPH_ELLIPSE, (61, 61))
b = cv2.morphologyEx(g, cv2.MORPH_CLOSE, k)
b = cv2.GaussianBlur(b, (0, 0), 25)
n = cv2.divide(g, b, scale=245)
cv2.imwrite("puta_sama.png", n)
```

ಇಲ್ಲಿ 61 ಎಂಬುದು ಬಿಲ್ಲೆಯ ವ್ಯಾಸ. ನಮ್ಮ ಚಿತ್ರದಲ್ಲಿ ಸುಮಾರು ಮೂರೂವರೆ ಮಿಲಿಮೀಟರು. ಮಸಿಯ ಗೆರೆ ಏಳೆಂಟು ಬಿಂದುಗಳಷ್ಟೇ ದಪ್ಪವಾದುದರಿಂದ ಅಕ್ಷರಗಳೆಲ್ಲ ಮುಚ್ಚಿಹೋಗುತ್ತವೆ. 245 ಎಂಬುದು ಶುದ್ಧ ಕಾಗದಕ್ಕೆ ನಾವು ಕೊಡಬಯಸುವ ಬೆಲೆ. ಫಲವಾಗಿ ಕಾಗದ ಎಲ್ಲೆಡೆ 245ರ ಸುತ್ತ, ಮಸಿ ಎಲ್ಲೆಡೆ 122ರ ಸುತ್ತ ನಿಲ್ಲುತ್ತದೆ. ಈಗ 180ರ ಸಮೀಪದಲ್ಲಿ ಪುಟಕ್ಕೆಲ್ಲ ಒಂದೇ ಎಲ್ಲೆ ಸಾಧ್ಯ. ಎಡಬಲ ಪುಟಗಳನ್ನು ಮೊದಲೇ ಕತ್ತರಿಸಿ ಬೇರೆಮಾಡಿರಬೇಕು. ಇಲ್ಲವಾದರೆ ಬಲಪುಟದ ಹೊಳಪು ಮಡಿಕೆಯನ್ನು ದಾಟಿ ಎಡದ ಲೆಕ್ಕವನ್ನು ಕೆಡಿಸುವುದು.

ಈ ವಿಧಾನಕ್ಕೆ ಮಿತಿಗಳೂ ಉಂಟು. ಭಾಗಾಕಾರವು ಕಳೆದ ಬೆಳಕನ್ನು ಮರಳಿ ತರಲಾರದು. ಮಡಿಕೆಯ ಬಳಿ 100ನ್ನು 245ಕ್ಕೆ ಏರಿಸುವಾಗ ಅಲ್ಲಿನ ಕಾಳುಕಾಳಾದ ಏರಿಳಿತವೂ ಎರಡೂವರೆ ಪಾಲು ಬೆಳೆಯುತ್ತದೆ. ಕ್ಯಾಮರಾದಲ್ಲಿ ನಾಲ್ಕು ಎಣಿಕೆಯ ಏರಿಳಿತವಿದ್ದರೆ ಅದು ಹತ್ತಾಗುವುದು. ನೆರಳು ಇನ್ನೂ ದಟ್ಟವಾದರೆ ಈ ಕಾಳುಗಳೇ ಎಲ್ಲೆಯನ್ನು ದಾಟಿ ‘ಪ’ದ ಕೆಳಗೆ ಸುಳ್ಳು ಗೀಟಾಗಿ ಕುಳಿತಾವು. ನುಣುಪು ಕಾಗದದ ಮೇಲೆ ದೀಪದ ಹೊಳಪು ಬಿದ್ದು ಸಂಖ್ಯೆ 255 ಮುಟ್ಟಿದ್ದರೆ ಅಲ್ಲಿ ಮಸಿಯ ಸುಳಿವೇ ಉಳಿದಿಲ್ಲ. ಮತ್ತೊಮ್ಮೆ ಚಿತ್ರ ತೆಗೆಯದೆ ಗತಿಯಿಲ್ಲ. ಪುಟದಲ್ಲಿ ಮುದ್ರಿತ ಚಿತ್ರವಿದ್ದರೆ ಅದರ ಅಗಲವಾದ ಕಪ್ಪುಭಾಗವನ್ನು ಈ ಲೆಕ್ಕ ನೆರಳೆಂದೇ ಭ್ರಮಿಸಿ ಬೆಳ್ಳಗಾಗಿಸುತ್ತದೆ. ಗಿಡದ ಚಿತ್ರದಲ್ಲಿ ಎಲೆಗಳು ಹೊರಗೆರೆ ಮಾತ್ರವಾಗಿ ಉಳಿದರೆ ಇದೇ ನಡೆದಿದೆಯೆಂದು ತಿಳಿದು, ಆ ಚೌಕವನ್ನು ಭಾಗಾಕಾರದಿಂದ ಹೊರಗಿಡಬೇಕು.

ಸಾಲು ಏಕೆ ಬಾಗುತ್ತದೆ?

ಎರಡನೆಯ ದೋಷಕ್ಕೆ ಬರೋಣ. ಬಾಗಿದ ಪುಟದ ಚಿತ್ರವನ್ನು ಎಚ್ಚರಿಕೆಯಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಪುಟದ ನಟ್ಟನಡುವಣ ಸಾಲು ನೆಟ್ಟಗಿದೆ. ಮೇಲಿನ ಸಾಲು ಮಡಿಕೆಯ ಹತ್ತಿರ ಮೇಲಕ್ಕೆ ಬಾಗಿದೆ, ಕೆಳಗಿನದು ಕೆಳಕ್ಕೆ. ಇಡೀ ಚಿತ್ರವನ್ನು ಎತ್ತ ತಿರುಗಿಸಿದರೂ ಇದು ಸರಿಹೋಗದು. ಮೇಲಿನದನ್ನು ತಗ್ಗಿಸಿದರೆ ಕೆಳಗಿನದು ಮತ್ತಷ್ಟು ಕೆಡುವುದು.

ಕಾರಣ ಸರಳವಾಗಿದೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆ. ಪುಟ ಉಬ್ಬಿದ ಕಡೆ ಅದು ಕ್ಯಾಮರಾಕ್ಕೆ ಹತ್ತಿರವಾಗುತ್ತದೆ. ಅಲ್ಲಿ ಎಲ್ಲವೂ ಚಿತ್ರದ ಕೇಂದ್ರದಿಂದ ಹೊರಕ್ಕೆ ಸರಿಯುತ್ತದೆ. ಕ್ಯಾಮರಾದ ಎತ್ತರ H, ಆ ಸ್ಥಳದಲ್ಲಿ ಕಾಗದದ ಉಬ್ಬು z, ಕೇಂದ್ರದಿಂದ ಸಾಲಿನ ನಿಜವಾದ ದೂರ y ಆದರೆ, ಅದು ಕಾಣುವ ದೂರ

```
Y = y × H / (H − z)
```

ನಮ್ಮ ಪುಟದಲ್ಲಿ H = 400, ಉಬ್ಬು ಅಂಚಿಗಿಂತ 20 ಮಿಲಿಮೀಟರು ಹೆಚ್ಚು, ಮೇಲಿನ ಸಾಲು ಕೇಂದ್ರದಿಂದ 90 ಮಿಲಿಮೀಟರು ದೂರ. ಆಗ Y ಎಂಬುದು 90 × 400 / 380, ಅಂದರೆ 94.7. ಸಾಲು ತನ್ನ ಸ್ಥಾನದಿಂದ 4.7 ಮಿಲಿಮೀಟರು ಮೇಲೇರಿತು. ಇದು ಬಹುಮಟ್ಟಿಗೆ ಒಂದು ಸಾಲಿನ ಎಡೆಯಷ್ಟು. ನಡುಸಾಲಿನಲ್ಲಿ y ಸೊನ್ನೆಯಾದುದರಿಂದ ಬಾಗು ಕೂಡ ಸೊನ್ನೆ.

ದೋಷವೇ ಇಲ್ಲಿ ಉಪಕಾರಿಯಾಗುತ್ತದೆ. ಇದೇ ಸೂತ್ರವನ್ನು ಹಿಂದುಮುಂದಾಗಿ ಓದಿದರೆ, ಸಾಲು ಎಷ್ಟು ಬಾಗಿದೆಯೆಂಬುದರಿಂದ ಕಾಗದ ಎಷ್ಟು ಉಬ್ಬಿದೆಯೆಂಬುದನ್ನು ತಿಳಿಯಬಹುದು. ಬಾಗು 4.74 ಮಿಲಿಮೀಟರು ಎಂದು ಅಳೆದರೆ, z = 400 × 4.74 / 94.74, ಉತ್ತರ 20. ಉಬ್ಬನ್ನು ಅಳೆಯಲು ಪುಸ್ತಕದ ಬಳಿಗೆ ಹೋಗಬೇಕಾಗಿಲ್ಲ, ಸಾಲುಗಳೇ ಅಳತೆಗೋಲಾದುವು.

ಇನ್ನೊಂದು ಅನುಕೂಲವೂ ಇದೆ. ಕಾಗದ ಬಾಗುತ್ತದೆ, ಆದರೆ ರಬ್ಬರಿನಂತೆ ಹಿಗ್ಗುವುದಿಲ್ಲ. ಬೆನ್ನಿನಲ್ಲಿ ಹೊಲಿದ ಪುಟ ಕೊಳವೆಯ ತುಂಡಿನಂತೆ ಒಂದೇ ದಿಕ್ಕಿನಲ್ಲಿ ಬಾಗುತ್ತದೆ. ಮೇಲಿನಿಂದ ಕೆಳಕ್ಕೆ ಎಳೆದ ಗೆರೆ ಎಲ್ಲಿಯೂ ನೇರವಾಗಿಯೇ ಇರುತ್ತದೆ. ಆದುದರಿಂದ ಇಡೀ ಪುಟಕ್ಕೆ ಉಬ್ಬಿನ ಒಂದೇ ವಕ್ರರೇಖೆ ಸಾಕು. ಅಮೆರಿಕದ ಮ್ಯಾಟ್ ಝುಕರ್ 2016ರಲ್ಲಿ ಪ್ರಕಟಿಸಿದ `page_dewarp` ಎಂಬ ಕ್ರಮವಿಧಿ ಈ ವಕ್ರವನ್ನು ಮೂರನೆಯ ಘಾತದ ಬೀಜೋಕ್ತಿಯೊಂದರಿಂದ ಸೂಚಿಸುತ್ತದೆ. ಲೆಕ್ಕಹಾಕಿದ ಸಾಲುಗಳು ಚಿತ್ರದಲ್ಲಿ ಕಂಡ ಸಾಲುಗಳ ಮೇಲೆ ಕೂರುವ ತನಕ ಅದರ ಗುಣಕಗಳನ್ನು ಹೊಂದಿಸುತ್ತ ಹೋಗುತ್ತದೆ. ಸ್ಕ್ಯಾನ್ ಟೇಲರ್ ಎಂಬ ಉಚಿತ ತಂತ್ರಾಂಶದಲ್ಲಿ ಪುಟದ ಮೇಲೊಂದು ಕೆಳಗೊಂದು ವಕ್ರರೇಖೆಯನ್ನು ನಾವೇ ಕೈಯಿಂದ ಹೊಂದಿಸಬಹುದು.

ಕನ್ನಡದ ಪುಟದಲ್ಲಿ ಈ ಹಂತಕ್ಕೆ ವಿಶೇಷವಾದ ಒಂದು ತೊಡಕಿದೆ. ಯಂತ್ರವು ಸಾಲನ್ನು ಗುರುತಿಸುವುದು ಹೀಗೆ: ಕಪ್ಪುಬಿಂದುಗಳನ್ನು ಅಡ್ಡಲಾಗಿ ಹಿಗ್ಗಿಸಿ, ಅಕ್ಷರಗಳೆಲ್ಲ ಕೂಡಿ ಒಂದು ಪಟ್ಟಿಯಾಗುವಂತೆ ಮಾಡಿ, ಆ ಪಟ್ಟಿಯ ನಡುಗೆರೆಯನ್ನು ಹಿಡಿಯುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಜೋತುಬಿದ್ದಿರುತ್ತವೆ. ‘ಸ್ವಾತಂತ್ರ್ಯ’ದಂಥ ಶಬ್ದ ಬಂದಲ್ಲಿ ನಡುಗೆರೆ ಕೆಳಕ್ಕೆ ಜಗ್ಗುತ್ತದೆ, ಯಂತ್ರವದನ್ನು ಕಾಗದದ ತಗ್ಗೆಂದು ತಿಳಿಯುವ ಅಪಾಯವಿದೆ. ಆದುದರಿಂದ ನಡುಗೆರೆಗೆ ಬದಲು ತಲೆಕಟ್ಟುಗಳ ಮಟ್ಟವನ್ನು ಹಿಡಿಯುವುದು ಉತ್ತಮ. ಹತ್ತಾರು ಸಾಲುಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡರೆ ಒಂದು ಒತ್ತಿನ ತಪ್ಪು ಇನ್ನುಳಿದವುಗಳ ನಡುವೆ ಕರಗಿಹೋಗುವುದು. ತಿದ್ದಿದ ಪುಟದಲ್ಲಿ ಸಾಲು ಅಲೆಅಲೆಯಾಗಿ ಕುಣಿಯುತ್ತಿದ್ದರೆ ಈ ತಪ್ಪು ನುಸುಳಿದೆಯೆಂದು ತಿಳಿಯಬೇಕು. ನಿಜವಾದ ಕಾಗದ ಹಾಗೆ ಕುಣಿಯುವುದಿಲ್ಲ.

ಸಾಲು ನೆಟ್ಟಗಾದರೆ ಸಾಲದು

ಉಬ್ಬು ತಿಳಿದ ಮೇಲೆ ಎರಡು ತಿದ್ದುಪಡಿಗಳಾಗಬೇಕು. ಮೊದಲನೆಯದು, ಉಬ್ಬಿದ ಕಡೆಯ ಚಿತ್ರವನ್ನು 380/400ರಷ್ಟು, ಅಂದರೆ ನೂರಕ್ಕೆ ಐದರಷ್ಟು, ಕುಗ್ಗಿಸುವುದು. ಇದರಿಂದ ಸಾಲು ನೆಟ್ಟಗಾಗುವುದು. ಅನೇಕರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಎರಡನೆಯದು ಅಗಲದ ತಿದ್ದುಪಡಿ. 38 ಡಿಗ್ರಿ ಇಳಿಜಾರಿನ ಕಾಗದವನ್ನು ಮೇಲಿನಿಂದ ನೋಡಿದರೆ ಅದರ ಅಗಲ ಕೊಸೈನು 38ರಷ್ಟು, ಎಂದರೆ 0.79 ಪಾಲು, ಮಾತ್ರ ಕಾಣುತ್ತದೆ. ಮೇಲಿನಿಂದ 10 ಮಿಲಿಮೀಟರಾಗಿ ಕಂಡ ಪಟ್ಟಿ ನಿಜವಾಗಿ 12.7 ಮಿಲಿಮೀಟರು. 3 ಮಿಲಿಮೀಟರು ಅಗಲದ ಅಕ್ಷರ 2.4 ಮಿಲಿಮೀಟರಾಗಿ ಸೊರಗಿರುತ್ತದೆ. ವಕ್ರದ ಮೇಲೆ ನಡೆದಷ್ಟು ದೂರವನ್ನು ಅಳೆದು, ಅಷ್ಟೇ ದೂರಕ್ಕೆ ಚಿತ್ರವನ್ನು ಬಿಚ್ಚಿ ಹಾಸಬೇಕು. ಸುತ್ತಿದ ಚಾಪೆಯನ್ನು ಬಿಚ್ಚಿದಂತೆ.

ಸರಿಯಾಯಿತೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಪುಟದಲ್ಲಿ ಮತ್ತೆಮತ್ತೆ ಬರುವ ‘ರ’ದಂಥ ಒಂದು ಅಕ್ಷರವನ್ನು ಆರಿಸಿಕೊಂಡು, ಹೊರ ಅಂಚಿನಲ್ಲಿಯೂ ಮಡಿಕೆಯ ಪಕ್ಕದಲ್ಲಿಯೂ ಅದರ ಅಗಲವನ್ನು ಅಳೆಯಿರಿ. ಅಚ್ಚುಮೊಳೆಯ ಅಳತೆ ಒಂದೇ. ಆದುದರಿಂದ ಎರಡೂ ಸಮವಾಗಿರಬೇಕು. ಮಡಿಕೆಯ ಬಳಿ ಅಕ್ಷರ ಇನ್ನೂ ಕಿರಿದಾಗಿದ್ದರೆ ಎರಡನೆಯ ತಿದ್ದುಪಡಿ ನಡೆದಿಲ್ಲ ಅಥವಾ ಸಾಲದಾಗಿದೆ.

ಹಿಗ್ಗಿಸುವುದರಿಂದ ಹೊಸ ವಿವರವೇನೂ ಹುಟ್ಟುವುದಿಲ್ಲ. ಇಳಿಜಾರು 60 ಡಿಗ್ರಿಯಾದರೆ 50 ಬಿಂದು ಅಗಲವಿರಬೇಕಾದ ಅಕ್ಷರ 25 ಬಿಂದುಗಳಲ್ಲಿ ಮುದುಡಿರುತ್ತದೆ. ಲೆಕ್ಕವು ಅದನ್ನು ಅಗಲ ಮಾಡಬಲ್ಲುದೇ ಹೊರತು ಸ್ಪಷ್ಟಗೊಳಿಸಲಾರದು. ಅಂಥ ಪುಸ್ತಕಕ್ಕೆ ಮದ್ದು ಚಿತ್ರ ತೆಗೆಯುವಾಗಲೇ ಇದೆ. ಪುಸ್ತಕವನ್ನು ಪೂರ್ತಿ ತೆರೆಯದೆ, ಬಲಭಾಗವನ್ನು ಓರೆಯಾಗಿ ಎತ್ತಿ ಆನಿಸಿ, ಎಡಪುಟವನ್ನು ಮಾತ್ರ ಸಮವಾಗಿಟ್ಟು ಚಿತ್ರ ತೆಗೆದರೆ ಇಳಿಜಾರು ಬಹಳ ಕಡಿಮೆಯಾಗುತ್ತದೆ, ಹೊಲಿಗೆಗೂ ಕ್ಷೇಮ. ಬೆಳಕು ಸಾಲುಗಳಿಗೆ ಅಡ್ಡವಾಗಿ, ಪುಸ್ತಕದ ತಲೆಯ ಕಡೆಯಿಂದ ಬೀಳುವಂತಿದ್ದರೆ ಇಳಿಜಾರು ಕಿಟಕಿಗೆ ಬೆನ್ನು ತಿರುಗಿಸುವುದಿಲ್ಲ, ನೆರಳೂ ತೆಳುವಾಗುವುದು.

ಓರೆ, ಮತ್ತು ಕೆಲಸದ ಕ್ರಮ

ಓರೆಯನ್ನು ಅಳೆಯಲು ಚಿತ್ರವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಪ್ರತಿಸಲವೂ ಒಂದೊಂದು ಅಡ್ಡಗೆರೆಯಲ್ಲಿ ಎಷ್ಟು ಕಪ್ಪುಬಿಂದುಗಳಿವೆಯೆಂದು ಎಣಿಸುತ್ತಾರೆ. ಸಾಲುಗಳು ನೇರವಾದ ಕ್ಷಣದಲ್ಲಿ ಸಾಲಿನ ಎಣಿಕೆಗೂ ಸಾಲೆಡೆಯ ಎಣಿಕೆಗೂ ಅಂತರ ಅತ್ಯಂತ ಹೆಚ್ಚಾಗಿರುತ್ತದೆ. ಒಂದು ಡಿಗ್ರಿ ಓರೆ ಅಲ್ಪವೆಂದು ತೋರಬಹುದು. ಆದರೆ 120 ಮಿಲಿಮೀಟರು ಉದ್ದದ ಸಾಲಿನಲ್ಲಿ ಅದು 2.1 ಮಿಲಿಮೀಟರಿನ ಏರಿಳಿತ. ಬಾಗಿದ ಪುಟದಲ್ಲಿ ಈ ಎಣಿಕೆ ಮೋಸಹೋಗುತ್ತದೆ, ಏಕೆಂದರೆ ಮೇಲಿನ ಸಾಲುಗಳು ಒಂದು ಕೋನವನ್ನೂ ಕೆಳಗಿನವು ಇನ್ನೊಂದನ್ನೂ ಸೂಚಿಸುತ್ತವೆ. ಬಾಗನ್ನು ಬಿಚ್ಚಿದ ಮೇಲೆಯೇ ಓರೆಯನ್ನು ಅಳೆಯಬೇಕು.

ಕ್ರಮ ಹೀಗಾಯಿತು: ಪುಟಗಳನ್ನು ಬೇರ್ಪಡಿಸುವುದು, ನೆರಳನ್ನು ಭಾಗಿಸುವುದು, ಬಾಗನ್ನು ಬಿಚ್ಚುವುದು, ಓರೆಯನ್ನು ತಿದ್ದುವುದು. ಕಪ್ಪುಬಿಳುಪಾಗಿಸುವುದು ಎಲ್ಲಕ್ಕೂ ಕೊನೆಗೆ. ಸಾಲು ಹುಡುಕಲು ಕಪ್ಪುಬಿಳುಪಿನ ಪ್ರತಿ ಬೇಕಾದರೆ ಬೇರೆಯಾಗಿ ಮಾಡಿಕೊಂಡು ಅನಂತರ ಎಸೆಯಬೇಕು. ತಿದ್ದುಪಡಿಗಳೆಲ್ಲ ಬೂದುಬಣ್ಣದ ಪ್ರತಿಯ ಮೇಲೆಯೇ ನಡೆಯಬೇಕು. ಬರಿಯ ಕಪ್ಪುಬಿಳುಪಿನ ಚಿತ್ರವನ್ನು ತಿರುಗಿಸಿದರೆ ಅಕ್ಷರದ ಅಂಚು ಮೆಟ್ಟಿಲುಮೆಟ್ಟಿಲಾಗುತ್ತದೆ. ನಮ್ಮ ಏಳು ಬಿಂದುಗಳ ಗೀಟು ಅಂಥ ಎರಡು ಏಟುಗಳನ್ನು ತಾಳಲಾರದು.

ಪಿಡಿಎಫ್ ಕಟ್ಟುವಾಗ ಒಂದು ಎಚ್ಚರಿಕೆ

ಪುಟಗಳಿಗೆ 001, 002 ಎಂದು ಕ್ರಮವಾಗಿ ಹೆಸರಿಟ್ಟಿದ್ದರೆ ಕಟ್ಟುವುದು ಒಂದೇ ಆಜ್ಞೆಯ ಕೆಲಸ:

```
img2pdf --pagesize 140mmx215mm *.png -o vaidya.pdf
```

ಇದು ಚಿತ್ರದ ಬಿಂದುಗಳನ್ನು ಬದಲಾಯಿಸದೆ ಇದ್ದಂತೆಯೇ ಒಳಗಿಡುತ್ತದೆ. ಕಡತ ಇನ್ನೂ ಚಿಕ್ಕದಾಗಲೆಂದು ಮುಂದೆ ಬೇರೆ ಉಪಾಯಗಳಿಗೆ ಕೈಹಾಕುವವರು 2013ರ ಸಂಗತಿಯೊಂದನ್ನು ನೆನಪಿಡಬೇಕು. ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸೆಲ್, ಕೆಲವು ನಕಲು ಯಂತ್ರಗಳು ಕಾಗದದಲ್ಲಿದ್ದ ಸಂಖ್ಯೆಗಳನ್ನೇ ಬದಲಾಯಿಸುತ್ತಿರುವುದನ್ನು ಆ ವರ್ಷ ಪತ್ತೆಹಚ್ಚಿದರು. 6 ಇದ್ದ ಕಡೆ 8 ಬರುತ್ತಿತ್ತು. ಜೆಬಿಗ್2 ಎಂಬ ಸಂಕೋಚನ ಪದ್ಧತಿಯ ಒಂದು ಬಗೆಯಲ್ಲಿ, ಒಂದನ್ನೊಂದು ಹೋಲುವ ಗುರುತುಗಳಿಗೆಲ್ಲ ಒಂದೇ ಅಚ್ಚನ್ನು ಮತ್ತೆಮತ್ತೆ ಒತ್ತಿಬಿಡುತ್ತಾರೆ. ಅಲ್ಲಿ ಮಸುಕಾಗಲಿ ಕಲೆಯಾಗಲಿ ಕಾಣುವುದಿಲ್ಲ. ತಪ್ಪಾದ ಅಂಕಿ ಸ್ಪಷ್ಟವಾಗಿ, ಅಂದವಾಗಿ ನಿಂತಿರುತ್ತದೆ. 6ಕ್ಕೂ 8ಕ್ಕೂ ಇರುವಷ್ಟು ಭೇದವೂ ಪ-ಫಗಳಿಗೆ ಇಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದ ಪುಟಕ್ಕೆ ನಷ್ಟವಿಲ್ಲದ ಸಂಕೋಚನವೇ ತಕ್ಕುದು.

ಕಡೆಯದಾಗಿ, ತಿದ್ದಿದ ಪುಟವನ್ನೂ ಮೂಲಚಿತ್ರವನ್ನೂ ಪಕ್ಕಪಕ್ಕದಲ್ಲಿ ದೊಡ್ಡದು ಮಾಡಿ, ಮಡಿಕೆಯ ಪಕ್ಕದ ಎರಡು ಅಂಗುಲವನ್ನಾದರೂ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಮೂಲದಲ್ಲಿ ಗೀಟು ಕಂಡು ತಿದ್ದಿದುದರಲ್ಲಿ ಕಾಣದಿದ್ದರೆ ಎಲ್ಲೆಯನ್ನು ಏರಿಸಿ ಮತ್ತೆ ಪ್ರಯತ್ನಿಸಬಹುದು. ಮೂಲದಲ್ಲಿಯೇ ಅದು ಪಲವೋ ಫಲವೋ ತಿಳಿಯದಂತಿದ್ದರೆ ಯಾವ ಲೆಕ್ಕವೂ ಅದನ್ನು ತೀರ್ಮಾನಿಸಲಾರದು. ಪುಸ್ತಕವನ್ನು ಮತ್ತೊಮ್ಮೆ ಬೆಳಕಿನೆಡೆಗೆ ತಿರುಗಿಸಿ ಇಡಬೇಕು, ಮತ್ತೊಂದು ಚಿತ್ರ ತೆಗೆಯಬೇಕು. ಆದುದರಿಂದ ಪಿಡಿಎಫ್ ಸಿದ್ಧವಾದರೂ ಮೂಲಚಿತ್ರಗಳನ್ನು ಅಳಿಸದಿರುವುದು ಒಳ್ಳೆಯದು.